ಪ್ಲಗ್ ಪಾಯಿಂಟಲ್ಲಿ ಕಿಡಿ ಬರ್ತಿದೆ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಬೇಕು ಅಂತ ಓನರ್‌ಗೆ ಪತ್ರ ಬರೀಬಹುದಾ?

ಸುಮಾ_ಮಹಡಿಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ಹಳೇ ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೀವಿ. ಓನರ್ ಕೆಳಗಡೆನೇ ಇರೋದು. ವಯಸ್ಸಾದವರು, ಮಾತಿನಲ್ಲಿ ಮೃದು, ನಮ್ಮ ಮಗಳನ್ನ ಕಂಡ್ರೆ ಅವರಿಗೆ ಬಹಳ ಪ್ರೀತಿ. ಜಗಳ ಆಡೋಕೆ ನಂಗೆ ಇಷ್ಟ ಇಲ್ಲ.

ಅಡುಗೆಮನೆ ಕಟ್ಟೆ ಮೇಲಿರೋ ಪ್ಲಗ್ ಪಾಯಿಂಟಲ್ಲಿ ಕಿಡಿ ಬರುತ್ತೆ. ಇಂಡಕ್ಷನ್ ಒಲೆ ಇಟ್ಟಾಗ ಒಳಗಿಂದ ಚಟಪಟ ಸದ್ದು, ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಈಗ ರೂಮಿನ ಪಾಯಿಂಟಲ್ಲೂ ಶುರುವಾಗಿದೆ, ಅಲ್ಲಿ ನಾವು ಬರೀ ಇಸ್ತ್ರಿ ಪೆಟ್ಟಿಗೆ ಹಾಕೋದು. ಬಾಯಲ್ಲಿ ಹೇಳಿದಾಗ ಓನರ್ ಹಾರ್ಡ್‌ವೇರ್ ಅಂಗಡಿಯಿಂದ ಒಬ್ಬ ಹುಡುಗನನ್ನ ಕಳಿಸಿದ್ರು. ಅವನು ಅಡುಗೆಮನೆ ಸಾಕೆಟ್ ಬಿಚ್ಚಿ ಹೊಸದು ಹಾಕಿ ಹೋದ. ಸ್ವಲ್ಪ ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಪುನಃ ಹೇಳಿದ್ರೆ "ಹೊಸ ಸಾಕೆಟ್ ಹಾಕಿಸಿದ್ದೀನಲ್ಲಮ್ಮ, ಎಂಸಿಬಿನೂ ಬಿದ್ದಿಲ್ಲ, ಏನೂ ಆಗಲ್ಲ" ಅಂತಾರೆ.

ಅದಕ್ಕೆ ಬರವಣಿಗೆಯಲ್ಲೇ ಕೊಡೋಣ ಅಂತ. ಇದು ನಾನು ಬರೆದಿರೋದು:

"ಅಂಕಲ್, ನಮಸ್ಕಾರ. ಮನೆಯಲ್ಲಿ ಕರೆಂಟ್ ಪ್ರಾಬ್ಲಂ ತುಂಬಾ ಇದೆ. ಎಷ್ಟು ಹೇಳಿದರೂ ಸರಿಯಾಗಿಲ್ಲ. ದಯವಿಟ್ಟು ಸಾಕೆಟ್‌ಗಳನ್ನು ಒಳ್ಳೆ ಕಂಪನಿಯದು ಹಾಕಿಸಿಕೊಡಿ. ಈ ಸಲ ಅಂಗಡಿ ಹುಡುಗನನ್ನು ಕಳಿಸಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು. ಚಿಕ್ಕ ಮಗು ಇರುವ ಮನೆ. ಏನಾದರೂ ಆದರೆ ನೀವೇ ಜವಾಬ್ದಾರಿ."

ಇಷ್ಟು ಸಾಕಾ? ಲೈಸೆನ್ಸ್ ಇರೋರೇ ಬೇಕು ಅಂತ ಹಟ ಹಿಡಿಯೋ ಹಕ್ಕು ಬಾಡಿಗೆದಾರರಿಗೆ ಇದೆಯಾ? ದುಡ್ಡು ಯಾರು ಕೊಡಬೇಕು?

ಪ್ರಕಾಶ್_ಬಿಟಿಎಂ

ಪತ್ರ ಆಮೇಲೆ ಬರೀರಿ ಮೇಡಂ. ಮೊದಲು ಆ ಎರಡು ಪಾಯಿಂಟ್ ಬಳಸೋದು ನಿಲ್ಲಿಸಿ, ಇವತ್ತೇ. ವಾಸನೆ ಬರ್ತಿದೆ ಅಂದ್ರೆ ಒಳಗೆ ಏನೋ ಸುಡ್ತಾನೇ ಇದೆ.

ಗಿರಿನಗರ_ಗಣೇಶ

ಬೆಸ್ಕಾಂಗೆ ಕಂಪ್ಲೇಂಟ್ ಕೊಡಿ, 1912. ನಮ್ಮ ಏರಿಯಾದಲ್ಲೂ ವೋಲ್ಟೇಜ್ ಏರಿಳಿತ ವಿಪರೀತ, ಮೊನ್ನೆ ಫ್ರಿಡ್ಜ್ ಹೋಯ್ತು. ಟ್ರಾನ್ಸ್‌ಫಾರ್ಮರ್ ಹಳೇದು, ಯಾರೂ ಕೇಳೋರಿಲ್ಲ. ಓನರ್‌ಗೆ ಯಾಕೆ ಬರೀತೀರಾ, ಅವರೇನು ಮಾಡ್ತಾರೆ?

ಪ್ರಕಾಶ್_ಬಿಟಿಎಂ

@ಗಿರಿನಗರ_ಗಣೇಶ ಸರ್, ಅವರು ಕೇಳ್ತಿರೋದು ವೋಲ್ಟೇಜ್ ಬಗ್ಗೆ ಅಲ್ಲ. ಮೀಟರ್ ತನಕ ಬೆಸ್ಕಾಂದು, ಮೀಟರ್ ದಾಟಿದ ಮೇಲೆ ಮನೆಯವರದ್ದು. ಸಾಕೆಟ್ ಕಿಡಿಗೆ ಲೈನ್‌ಮನ್ ಬಂದು ಏನೂ ಮಾಡಲ್ಲ.

ಸೂಪರ್‌ವೈಸರ್_ತುಮಕೂರು

ಗಣೇಶ್ ಅವರ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ. ಇಡೀ ಮನೆಯ ದೀಪ ಒಮ್ಮೆ ಮಂಕಾಗಿ ಒಮ್ಮೆ ಜಾಸ್ತಿ ಉರಿದರೆ, ಅದು ಕಂಬದಿಂದ ಬರೋ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗೋ ವೈರ್, ಸಡಿಲ ಆಗಿರೋ ಲಕ್ಷಣ. ಅದಕ್ಕೆ 1912 ಸರಿ, ತಡ ಮಾಡಲೇಬಾರದು. ಆದರೆ ಒಂದೆರಡು ಪಾಯಿಂಟಲ್ಲಿ ಮಾತ್ರ ಕಿಡಿ ಅಂದರೆ ಸಮಸ್ಯೆ ಮನೆಯೊಳಗೇ ಇದೆ.

ಸುಮಾ ಅವರೇ, ನಾನು ಈ ಕೆಲಸದಲ್ಲೇ ಇರೋದು, ಸೂಪರ್‌ವೈಸರ್ ಪರ್ಮಿಟ್ ಇದೆ. ಮೂರು ವಿಷಯ ಹೇಳಿ. ಇಂಡಕ್ಷನ್ ಒಲೆ ಎಷ್ಟು ವ್ಯಾಟ್? ಸಾಕೆಟ್ ಚಿಕ್ಕದಾ ದೊಡ್ಡದಾ, ಅಂದರೆ 6 ಆಂಪ್ಸಾ 16 ಆಂಪ್ಸಾ? ಸಾಕೆಟ್ ಮುಖದ ಮೇಲೆ ಕಂದು ಕಲೆ ಇದ್ದರೆ ಅದು ಯಾವ ತೂತಿನ ಹತ್ತಿರ ಇದೆ? ಬಿಚ್ಚಬೇಡಿ, ಮುಟ್ಟಬೇಡಿ, ಹೊರಗಿಂದ ನೋಡಿ ಹೇಳಿ.

ಲಾಯರ್_ಲೋಕಿ

ಸುಮಾ ಮೇಡಂ, ಹೆದರಬೇಡಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವೈರಿಂಗ್ ಓನರ್ ಜವಾಬ್ದಾರಿ ಅಂತ ಸ್ಪಷ್ಟವಾಗಿದೆ. ನೀವೇ ಎಲೆಕ್ಟ್ರಿಷಿಯನ್ ಕರೆಸಿ, ಬಿಲ್ ತಗೊಂಡು ಮುಂದಿನ ತಿಂಗಳ ಬಾಡಿಗೆಯಲ್ಲಿ ಕಳೆದು ಕೊಡಿ. ಅವರು ಬಾಯಿ ಬಿಡಂಗಿಲ್ಲ.

ಮನೆಮಾಲೀಕ_ಜಯನಗರ

ಎಲ್ಲರೂ ಮಾಲೀಕನನ್ನೇ ಕಟಕಟೆಗೆ ನಿಲ್ಲಿಸ್ತೀರಿ. ನನ್ನ ಎರಡು ಮನೆ ಬಾಡಿಗೆಗಿದೆ, ನನ್ನ ಅನುಭವ ಕೇಳಿ. ನಾನು ಮನೆ ಕಟ್ಟಿಸಿದ ಕಾಲದಲ್ಲಿ ಅಡುಗೆಮನೆಗೆ ಬೇಕಾಗಿದ್ದು ಒಂದು ಮಿಕ್ಸಿ, ಒಂದು ಗ್ರೈಂಡರ್. ಆ ಲೆಕ್ಕಕ್ಕೆ ವೈರ್ ಎಳೆಸಿದ್ದು. ಈಗ ಬಂದವರು ಅದೇ ಪಾಯಿಂಟಿಗೆ ಇಂಡಕ್ಷನ್, ಏರ್ ಫ್ರೈಯರ್, ಓವನ್ ಎಲ್ಲ ಮಲ್ಟಿಪ್ಲಗ್ ಹಾಕಿ ನೇತು ಹಾಕ್ತಾರೆ. ಸುಟ್ಟ ಮೇಲೆ "ನಿಮ್ಮ ವೈರಿಂಗ್ ಸರಿ ಇಲ್ಲ" ಅಂತಾರೆ. ಸುಟ್ಟಿದ್ದು ಯಾರ ಬಳಕೆಯಿಂದ?

ಸುಮಾ_ಮಹಡಿಮನೆ

@ಸೂಪರ್‌ವೈಸರ್_ತುಮಕೂರು ಸರ್, ಒಲೆ ಮೇಲೆ 2000 ವ್ಯಾಟ್ ಅಂತಿದೆ. ಸಾಕೆಟ್ ಚಿಕ್ಕದು. ಒಲೆಯ ಪಿನ್ ದಪ್ಪ, ಅದಕ್ಕೆ ದೊಡ್ಡ ಪಿನ್ನಿಂದ ಚಿಕ್ಕದಕ್ಕೆ ಮಾಡೋ ಕನ್ವರ್ಟರ್ ಹಾಕಿದ್ದೀವಿ. ಅಡುಗೆಮನೆಯಲ್ಲಿ ದೊಡ್ಡ ಪಾಯಿಂಟೇ ಇಲ್ಲ. ಕಲೆ ಎಡಗಡೆ ತೂತಿನ ಸುತ್ತ ಇದೆ, ರೂಮಲ್ಲೂ ಎಡಗಡೆನೇ.

@ಮನೆಮಾಲೀಕ_ಜಯನಗರ ಸರ್, ಅಡುಗೆಮನೆಗೆ ಒಲೆ ಕಾರಣ ಇರಬಹುದು, ಒಪ್ತೀನಿ. ರೂಮಲ್ಲಿ ಇರೋದು 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದೇ.

ಸೂಪರ್‌ವೈಸರ್_ತುಮಕೂರು

ಈಗ ಚಿತ್ರ ಸಿಕ್ತು. ಉದ್ದ ಬರೀತೀನಿ, ಯಾಕಂದರೆ ಪತ್ರದಲ್ಲಿ ಏನು ಕೇಳಬೇಕು ಅನ್ನೋದು ಇದರ ಮೇಲೇ ನಿಂತಿದೆ.

2000 ವ್ಯಾಟನ್ನ 230 ವೋಲ್ಟಿಂದ ಭಾಗಿಸಿದರೆ 8.7 ಆಂಪ್ಸ್ ಹತ್ತಿರ. ಅದನ್ನ 6 ಆಂಪ್ಸ್ ಸಾಕೆಟಲ್ಲಿ ಎಳೀತಿದ್ದೀರಿ. ಒಳಗಿನ ಹಿತ್ತಾಳೆ ಕ್ಲಿಪ್ ಬಿಸಿಯಾಗಿ ಬಿಗಿ ಕಳಕೊಳ್ಳುತ್ತೆ, ಪಿನ್ ಸರಿಯಾಗಿ ಕೂರಲ್ಲ, ಅಲ್ಲಿ ಕಿಡಿ. ಇದು ಬಳಕೆಯ ತಪ್ಪು, ಜಯನಗರದ ಯಜಮಾನರು ಹೇಳಿದ್ದು ಇಲ್ಲಿಗೆ ನಿಜ. ಆ ಕನ್ವರ್ಟರ್ ತೆಗೆದುಬಿಡಿ.

ಆದರೆ ಇಸ್ತ್ರಿ ಪೆಟ್ಟಿಗೆ ಎಳೆಯೋದು 4.3 ಆಂಪ್ಸ್ ಸುಮಾರು. 6 ಆಂಪ್ಸ್ ಸಾಕೆಟಿಗೆ ಅದು ಆರಾಮದ ಲೋಡು. ಅಲ್ಲೂ ಕಲೆ ಬಿದ್ದಿದೆ, ಅದೂ ಎಡಗಡೆ. ಎದುರಿಗೆ ನಿಂತು ನೋಡಿದಾಗ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಅಂದರೆ ಎರಡು ಕಡೆಯೂ ನ್ಯೂಟ್ರಲ್ ಬದಿಯೇ ಬಿಸಿಯಾಗ್ತಿದೆ. ಹಳೇ ಮನೆಗಳಲ್ಲಿ ನ್ಯೂಟ್ರಲ್ ವೈರನ್ನ ಒಂದು ಬೋರ್ಡಿಂದ ಇನ್ನೊಂದಕ್ಕೆ ಲೂಪ್ ಮಾಡಿಕೊಂಡು ಹೋಗಿರ್ತಾರೆ, ಒಂದೇ ಸ್ಕ್ರೂ ಕೆಳಗೆ ಎರಡು ಮೂರು ವೈರ್ ಸೇರಿರುತ್ತೆ. ಒಂದು ಕಡೆ ಸಡಿಲ ಆಯ್ತು ಅಂದರೆ ಆ ಸಾಲಿನ ಮುಂದಿನ ಬೋರ್ಡಿಗೂ ತೊಂದರೆ. ನಿಮ್ಮ ಎರಡೂ ಪಾಯಿಂಟ್ ಒಂದೇ ಸಾಲಲ್ಲಿ ಇರೋ ಸಾಧ್ಯತೆ ಜಾಸ್ತಿ. ಖಚಿತ ಅನ್ನಬೇಕಾದರೆ ಬಿಚ್ಚಿ ನೋಡಲೇಬೇಕು.

ಅಂಗಡಿ ಹುಡುಗ ಮಾಡಿದ ಕೆಲಸ ಯಾಕೆ ನಿಲ್ಲಲಿಲ್ಲ? ಅವನು ಬದಲಾಯಿಸಿದ್ದು ಮುಖ ಮಾತ್ರ. ಹಿಂದಿನ ವೈರ್ ತುದಿ ಬಿಸಿಗೆ ಕಪ್ಪಾಗಿ ಗಡುಸಾಗಿರುತ್ತೆ. ಆ ತುದಿಯನ್ನ ಕತ್ತರಿಸಿ, ಹೊಳೆಯೋ ತಾಮ್ರ ಬರೋ ತನಕ ಸುಲಿದು ಹೊಸದಾಗಿ ಕೂರಿಸಬೇಕು. ಸುಟ್ಟ ತುದಿಯನ್ನೇ ಹೊಸ ಸಾಕೆಟಿಗೆ ಬಿಗಿದರೆ ಹಳೇ ರೋಗ ಹೊಸ ಸಾಕೆಟಿಗೆ ಬರುತ್ತೆ.

ಇನ್ನು ಎಂಸಿಬಿ. ಅದು ಬೀಳೋದು ಕರೆಂಟ್ ಮಿತಿ ಮೀರಿದಾಗ, ಇಲ್ಲ ಶಾರ್ಟ್ ಆದಾಗ. ಸಡಿಲ ಜಾಯಿಂಟಲ್ಲಿ ಕರೆಂಟ್ ಜಾಸ್ತಿ ಆಗಲ್ಲ, ನಿಜ ಹೇಳಬೇಕಂದರೆ ಸ್ವಲ್ಪ ಕಮ್ಮಿಯೇ ಆಗುತ್ತೆ. ಹಾಗಾಗಿ ಗೋಡೆಯೊಳಗೆ ಸುಡ್ತಾ ಇದ್ದರೂ ಎಂಸಿಬಿಗೆ ಗೊತ್ತಾಗಲ್ಲ. "ಬಿದ್ದಿಲ್ಲ, ಹಾಗಾಗಿ ಸರಿಯಿದೆ" ಅನ್ನೋ ಮಾತನ್ನ ನಿಮ್ಮ ಓನರ್ ಮಾತ್ರ ಅಲ್ಲ, ನಮ್ಮ ಕೆಲಸದವರೂ ಹೇಳ್ತಾರೆ. ದಯವಿಟ್ಟು ನಂಬಬೇಡಿ.

ನಾಗರತ್ನ_ಮೈಸೂರು

ಹಾಗಾದ್ರೆ ಆರ್‌ಸಿಸಿಬಿ ಹಾಕಿಸಿದ್ರೆ ಬೀಳುತ್ತಲ್ವಾ? ನಮ್ಮನೆಯಲ್ಲಿ ಹಾಕಿಸಿದ್ದೀವಿ, ಎಲ್ಲದಕ್ಕೂ ರಕ್ಷಣೆ ಅಂತ ಹೇಳಿದ್ರು.

ಸೂಪರ್‌ವೈಸರ್_ತುಮಕೂರು

ಇಲ್ಲ ಅಮ್ಮ. ಹೋದ ಕರೆಂಟ್ ವಾಪಸ್ ಬರದೆ ಬೇರೆ ದಾರಿಯಲ್ಲಿ, ಉದಾಹರಣೆಗೆ ಮನುಷ್ಯನ ಮೈಯಲ್ಲಿ, ಸೋರಿದಾಗ ಅದು ಬೀಳೋದು. ಸಡಿಲ ನ್ಯೂಟ್ರಲಲ್ಲಿ ಸೋರಿಕೆ ಇಲ್ಲ, ಹೋದಷ್ಟೂ ವಾಪಸ್ ಬರ್ತಿರುತ್ತೆ. ಜೀವ ಉಳಿಸೋ ಸಾಧನ ಅದು, ಹಾಕಿಸಿದ್ದು ಬಹಳ ಒಳ್ಳೇದು. ಆದರೆ ಈ ರೋಗಕ್ಕೆ ಮದ್ದಲ್ಲ.

ಹುಬ್ಬಳ್ಳಿ_ಹುಡುಗ

ನಮ್ಮ ಮನ್ಯಾಗೂ ಹಿಂಗ ಆಗಿತ್ರಿ. ನಾ ಇಲೆಕ್ಟ್ರಿಕ್ ಸ್ಕೂಟರ್ ತಗೊಂಡೆ, ರಾತ್ರಿಪೂರ್ತಿ ವರಾಂಡದಾಗಿನ ಸಣ್ಣ ಪಾಯಿಂಟಿಗೆ ಚಾರ್ಜಿಗೆ ಹಚ್ಚತಿದ್ದೆ. ಪ್ಲಗ್ ಸಾಕೆಟಿಗೆ ಅಂಟಿಕೊಂಡು ಬಿಡ್ತು, ಕಿತ್ತರ ಬರವಲ್ದು. ಮಾಲಕರಿಗೆ ಹೇಳಿದ್ರ "ಗಾಡಿ ನಿಂದು, ರೊಕ್ಕಾ ನೀನ ಹಾಕು" ಅಂದ್ರು. ಮೀಟರ್ ಬೋರ್ಡಿನಿಂದ ಬ್ಯಾರೆ ವೈರ್ ಎಳಿಸಿ 16 ಆಂಪ್ಸಿಂದು ಹಾಕಿಸಿದೆ, ನಂದ ಖರ್ಚು. ಮನಿ ಬಿಡೂ ಮುಂದ ಅದರ ರೊಕ್ಕಾ ಕೇಳಬಹುದನ್ರಿ?

ಮನೆಮಾಲೀಕ_ಜಯನಗರ

@ಹುಬ್ಬಳ್ಳಿ_ಹುಡುಗ ಮೊದಲೇ ಬರಹದಲ್ಲಿ ಮಾತಾಗಿದ್ದರೆ ಕೇಳಬಹುದು. ಈಗ ಕೇಳಿದರೆ ಅವರ ಮರ್ಜಿ.

ವಸುಧಾ_ಅಡ್ವೊಕೇಟ್

ಲೋಕಿ ಅವರ ಸಲಹೆಯನ್ನ ಹಾಗೇ ಪಾಲಿಸಿದರೆ ಸುಮಾ ಅವರು ತೊಂದರೆಗೆ ಸಿಕ್ಕಿಕೊಳ್ತಾರೆ, ಅದಕ್ಕೇ ಬರೀತಿದ್ದೀನಿ.

2021ರ ಕಾಯ್ದೆ ಹೆಸರೇ ಹೇಳೋ ಹಾಗೆ ಮಾದರಿ. ಯಾವುದೇ ರಾಜ್ಯ ಅದನ್ನ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ನೇರವಾಗಿ ಅದನ್ನ ತೋರಿಸಿ ಬಾಡಿಗೆ ಕಳೆಯೋಕೆ ಆಗಲ್ಲ. ಜೊತೆಗೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ಅದರ ಎರಡನೇ ಅನುಸೂಚಿಯಲ್ಲಿ ಒಳಗಿನ ಹೊರಗಿನ ವೈರಿಂಗ್ ಮಾಲೀಕರ ಪಟ್ಟಿಯಲ್ಲಿದೆ, ಹೌದು. ಆದರೆ ಸಾಕೆಟ್ ಮತ್ತು ಸ್ವಿಚ್ ರಿಪೇರಿ ಬಾಡಿಗೆದಾರರ ಪಟ್ಟಿಯಲ್ಲಿದೆ! ನಮ್ಮೂರಿನ ಹನ್ನೊಂದು ತಿಂಗಳ ಕರಾರುಗಳಲ್ಲೂ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು" ಅಂತ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತೆ.

ಬಾಡಿಗೆಯಲ್ಲಿ ಕಳೆಯೋ ದಾರಿ ಬೇರೆ ಕಡೆ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನ, ನೋಟಿಸ್ ಕೊಟ್ಟು ಸಮಂಜಸ ಸಮಯ ಕಳೆದರೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನ ಬಡ್ಡಿ ಸಮೇತ ಕಳೆಯಬಹುದು. ಇಲ್ಲಿ "ಮಾಡಲೇಬೇಕಾದ" ಅನ್ನೋದೇ ಮುಖ್ಯ, ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಕರಾರು ಮೇಲು. ಮತ್ತೆ ನೋಟಿಸ್ ಇಲ್ಲದೆ ಈ ಹಕ್ಕು ಹುಟ್ಟೋದೇ ಇಲ್ಲ. ಬಾಯಲ್ಲಿ ಹೇಳಿದ್ದನ್ನ ಆಮೇಲೆ ಸಾಬೀತು ಮಾಡೋದು ಕಷ್ಟ. ಹಾಗಾಗಿ ಸುಮಾ ಅವರು ಪತ್ರ ಬರೆಯೋದು ಸರಿ. ಆದರೆ ಬರೆದಿರೋ ಪತ್ರ ಅವರಿಗೇ ಎದುರಾಗುತ್ತೆ.

ಸುಮಾ_ಮಹಡಿಮನೆ

ಎದುರಾಗುತ್ತೆ ಅಂದ್ರೆ ಹೇಗೆ ಮೇಡಂ?

ವಸುಧಾ_ಅಡ್ವೊಕೇಟ್

"ಸಾಕೆಟ್‌ಗಳನ್ನು ಹಾಕಿಸಿಕೊಡಿ" ಅಂತ ನೀವೇ ಕೇಳಿದ್ದೀರಿ. ಅವರು ಆರಾಮಾಗಿ "ಒಂದು ಸಾಕೆಟ್ ಹಾಕಿಸಿದ್ದೀನಿ, ಇನ್ನೊಂದು ಸಣ್ಣ ರಿಪೇರಿ, ಕರಾರಿನ ಪ್ರಕಾರ ನಿಮ್ಮದು" ಅನ್ನಬಹುದು. ನಿಮ್ಮ ದೂರು ವೈರಿಂಗಿನದ್ದು. ಪತ್ರ ಸಾಕೆಟ್ ಕೇಳ್ತಿದೆ.

ಸೂಪರ್‌ವೈಸರ್_ತುಮಕೂರು

ವಸುಧಾ ಮೇಡಂ ಹೇಳಿದ್ದೇ ಲೈಸೆನ್ಸ್ ವಿಷಯಕ್ಕೂ ಹೊಂದುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮೊದಲು 2010ರಲ್ಲಿ ಬಂದವು, ಈಗ 2023ರದ್ದು ಜಾರಿಯಲ್ಲಿದೆ. ಮನೆಯ ವೈರಿಂಗ್ ಸೇರಿಸೋದು, ಬದಲಾಯಿಸೋದು, ರಿಪೇರಿ ಮಾಡೋದು ಎಲ್ಲ ಲೈಸೆನ್ಸ್ ಇರೋ ಕಂಟ್ರಾಕ್ಟರೇ ಮಾಡಬೇಕು, ಸೂಪರ್‌ವೈಸರ್ ಉಸ್ತುವಾರಿ ಇರಬೇಕು, ಕೈಯಿಟ್ಟು ಕೆಲಸ ಮಾಡೋನಿಗೆ ವೈರ್‌ಮನ್ ಪರ್ಮಿಟ್ ಇರಬೇಕು. ಆದರೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನ ಇದ್ದದ್ದು ಇದ್ದ ಹಾಗೆ ಬದಲಾಯಿಸೋಕೆ ವಿನಾಯಿತಿ ಇದೆ. "ಸಾಕೆಟ್ ಹಾಕಿಸಿ" ಅಂದರೆ ಅಂಗಡಿ ಹುಡುಗನೇ ಸಾಕು ಅಂತ ಅವರು ವಾದ ಮಾಡಬಹುದು. "ವೈರಿಂಗ್ ಸರ್ಕ್ಯೂಟ್ ಪರೀಕ್ಷೆ ಮಾಡಿಸಿ, ಸುಟ್ಟ ವೈರ್ ಬದಲಾಯಿಸಿ, ಅಡುಗೆಮನೆಗೆ ಪ್ರತ್ಯೇಕ ಪವರ್ ಲೈನ್ ಹಾಕಿಸಿ" ಅಂದರೆ ಲೈಸೆನ್ಸ್ ಬೇಕೇ ಬೇಕು. ಹಟ ಹಿಡಿಯೋ ಅಗತ್ಯವೇ ಇಲ್ಲ, ಕೆಲಸವನ್ನ ಸರಿಯಾಗಿ ಹೆಸರಿಸಿದರೆ ಆಯ್ತು.

ರೆಡಿಂಗ್_ರಾಘು

ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ 2020ರ ನಿಯಮ ಬಂದ ಮೇಲೆ ಬಾಡಿಗೆ ಮನೆಗಳ ವೈರಿಂಗನ್ನ ಐದು ವರ್ಷಕ್ಕೊಮ್ಮೆಯಾದ್ರೂ ಅರ್ಹರಿಂದ ಪರೀಕ್ಷೆ ಮಾಡಿಸಿ, ವರದಿ ಬಾಡಿಗೆದಾರರ ಕೈಗೆ ಕೊಡಲೇಬೇಕು. ಮನೆಗೆ ಬರುವಾಗಲೇ ವರದಿ ಕೈಗೆ ಬಂತು. ಯಾವ ಸರ್ಕ್ಯೂಟಲ್ಲಿ ಏನು ದೋಷ, ಎಷ್ಟು ಅಪಾಯ ಅಂತ ಕೋಡ್ ಹಾಕಿ ಬರೆದಿರ್ತಾರೆ. ನಮ್ಮಲ್ಲೂ ಇದು ಬರಬೇಕು.

ಮನೆಮಾಲೀಕ_ಜಯನಗರ

ಅಲ್ಲಿಯ ಬಾಡಿಗೆ ಎಷ್ಟು, ಇಲ್ಲಿಯದೆಷ್ಟು ಅದನ್ನೂ ಹೇಳಿ.

ರೆಡಿಂಗ್_ರಾಘು

ಬಾಡಿಗೆ ಕಮ್ಮಿ ಅಂತ ಸುಡೋ ವೈರ್ ಕೊಡಬಹುದಾ ಸರ್?

ಪ್ರಕಾಶ್_ಬಿಟಿಎಂ

ಇಬ್ಬರೂ ಬೇರೆ ಥ್ರೆಡ್‌ನಲ್ಲಿ ಜಗಳ ಆಡಿ. ಸುಮಾ ಅವರಿಗೆ ಪತ್ರ ಬೇಕು.

ನಂಗೊಂದು ಡೌಟು. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚುವಾಗ ನಮ್ಮ ಮನೆಯಲ್ಲೂ ಟಕ್ ಅಂತ ಸಣ್ಣ ನೀಲಿ ಕಿಡಿ ಬರುತ್ತೆ. ಅದೂ ಅಪಾಯನಾ?

ಸೂಪರ್‌ವೈಸರ್_ತುಮಕೂರು

ಸ್ವಿಚ್ ಆನ್ ಇಟ್ಟೇ ಚುಚ್ಚಿದಾಗ ಒಂದೇ ಸಲ ಟಕ್ ಅಂತ ಬಂದು ನಿಂತರೆ ಅದು ಚಾರ್ಜರಿನ ಒಳಗಿನ ಕೆಪಾಸಿಟರ್ ತುಂಬಿಕೊಳ್ಳೋ ಕಿಡಿ, ಗಾಬರಿ ಬೇಡ. ಸ್ವಿಚ್ ಆಫ್ ಮಾಡಿ ಚುಚ್ಚಿ, ಆಮೇಲೆ ಹಾಕಿ, ಪಿನ್ನಿನ ಹತ್ತಿರ ಕಿಡಿ ಕಾಣಲ್ಲ. ಚುಚ್ಚಿ ಬಿಟ್ಟ ಮೇಲೂ ಚಟಪಟ ಅಂತಿದ್ದರೆ, ಪ್ಲಗ್ ಕಿತ್ತಾಗ ಪಿನ್ ಬಿಸಿ ಇದ್ದರೆ, ಕಲೆ ಅಥವಾ ವಾಸನೆ ಇದ್ದರೆ ಅದು ಅಪಾಯ. ಸುಮಾ ಅವರ ಪತ್ರದಲ್ಲಿ ಈ ವ್ಯತ್ಯಾಸ ಬರಬೇಕು. ಬರೀ "ಕಿಡಿ ಬರುತ್ತೆ" ಅಂದರೆ ಎಲ್ಲರ ಮನೆಯಲ್ಲೂ ಬರುತ್ತೆ ಅಂತ ತಳ್ಳಿಹಾಕ್ತಾರೆ.

ಲಾಯರ್_ಲೋಕಿ

ಪರೀಕ್ಷೆ ಅಂದ್ರೆ ಏನು ಪರೀಕ್ಷೆ? ಟೆಸ್ಟರ್ ಇಟ್ಟು "ಕರೆಂಟ್ ಬರ್ತಿದೆ" ಅಂತ ಹೇಳಿ ಹೋದ್ರೆ? ಲೈಸೆನ್ಸ್ ಇದ್ದೋರೂ ಹಾಗೆ ಮಾಡ್ತಾರೆ.

ಸೂಪರ್‌ವೈಸರ್_ತುಮಕೂರು

ಒಳ್ಳೇ ಪ್ರಶ್ನೆ. ಟೆಸ್ಟರ್ ದೀಪ ನ್ಯೂಟ್ರಲ್ ಸಡಿಲ ಆಗಿರೋದನ್ನ ತೋರಿಸೋದೇ ಇಲ್ಲ, ಫೇಸ್ ಇದೆ ಅಂತಷ್ಟೇ ಹೇಳುತ್ತೆ. ಮೆಗ್ಗರ್ ಅನ್ನೋ ಮೀಟರ್ ಇಟ್ಟು 500 ವೋಲ್ಟಲ್ಲಿ ಇನ್ಸುಲೇಷನ್ ನೋಡೋದು ಬೇಕು, ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದರೆ ವೈರ್ ಹೊದಿಕೆ ಹೋಗಿದೆ ಅಂತ ಅರ್ಥ. ಆದರೆ ಸಡಿಲ ಜಾಯಿಂಟ್ ಅದರಲ್ಲೂ ಸಿಗಲ್ಲ. ಅದಕ್ಕೆ ಲೋಡ್ ಹಾಕಿ ವೋಲ್ಟೇಜ್ ಅಳೀಬೇಕು.

ಹೇಗೆ ಅಂತ ಒಂದು ಲೆಕ್ಕ ಕೊಡ್ತೀನಿ. ಲೋಡ್ ಇಲ್ಲದಾಗ ಮೀಟರ್ ಬೋರ್ಡಲ್ಲೂ ಸಾಕೆಟಲ್ಲೂ 228 ಇದೆ ಅಂದುಕೊಳ್ಳಿ. 8.7 ಆಂಪ್ಸಿನ ಲೋಡ್ ಹಾಕಿದಾಗ ಬೋರ್ಡಲ್ಲಿ 226, ಸಾಕೆಟಲ್ಲಿ 213 ಬಂತು. ದಾರಿಯಲ್ಲಿ 13 ವೋಲ್ಟ್ ಹೋಯ್ತು. ಹನ್ನೆರಡು ಮೀಟರ್ ದೂರದ 1.5 ಚದರ ಮಿ.ಮೀ. ತಾಮ್ರದ ವೈರಿಗೆ ಎರಡೂವರೆ ವೋಲ್ಟ್ ಹೋದರೆ ಸಹಜ. ಉಳಿದ ಹತ್ತೂವರೆ ವೋಲ್ಟ್ ಎಲ್ಲೋ ಒಂದು ಜಾಯಿಂಟಲ್ಲಿ ಶಾಖ ಆಗ್ತಿದೆ. ಗುಣಿಸಿದರೆ 90 ವ್ಯಾಟ್ ಹತ್ತಿರ, ಹಳೇ ಕಾಲದ ನೂರು ವ್ಯಾಟಿನ ಬಲ್ಬನ್ನ ಮುಚ್ಚಿದ ಬಾಕ್ಸೊಳಗೆ ಉರಿಸಿಟ್ಟ ಹಾಗೆ. ಆಮೇಲೆ ಸಾಲಿನಲ್ಲಿರೋ ಪ್ರತಿ ಬೋರ್ಡಲ್ಲೂ ಅಳೆದು, ಎಲ್ಲಿ ಒಮ್ಮೆಲೇ ಬೀಳುತ್ತೆ ಅಂತ ಹುಡುಕಬೇಕು, ಮೇನ್ ಆಫ್ ಮಾಡಿ ಆ ಬಾಕ್ಸ್ ಬಿಚ್ಚಬೇಕು.

ಇದನ್ನ ನೀವು ಮಾಡಬೇಡಿ ಸುಮಾ ಅವರೇ. ಕಿಡಿ ಬರೋ ಸಾಕೆಟಿಗೆ ಲೋಡ್ ಹಾಕಿ ಅಳೆಯೋದು ಗೊತ್ತಿದ್ದವರ ಕೆಲಸ. ಬಂದವರಿಗೆ "ಲೋಡ್ ಹಾಕಿ ವೋಲ್ಟೇಜ್ ನೋಡ್ತೀರಾ?" ಅಂತ ಕೇಳಿ. ಮುಖ ನೋಡಿದರೆ ಅವರಿಗೆ ಕೆಲಸ ಗೊತ್ತಾ ಇಲ್ಲವಾ ಅಂತ ತಿಳಿಯುತ್ತೆ.

ವಸುಧಾ_ಅಡ್ವೊಕೇಟ್

ಇದನ್ನೆಲ್ಲ ಸೇರಿಸಿ ಒಂದು ಕರಡು ಮಾಡಿದ್ದೀನಿ. ಸೂಪರ್‌ವೈಸರ್ ಸರ್ ತಾಂತ್ರಿಕ ಭಾಗ ನೋಡಿ ಹೇಳಲಿ.

"ಇವರಿಗೆ: (ಮಾಲೀಕರ ಹೆಸರು, ವಿಳಾಸ)
ಇಂದ: (ನಿಮ್ಮ ಹೆಸರು), ಮೊದಲನೇ ಮಹಡಿ
ದಿನಾಂಕ:

ವಿಷಯ: ಅಡುಗೆಮನೆ ಮತ್ತು ಮಲಗುವ ಕೋಣೆಯ ವಿದ್ಯುತ್ ವೈರಿಂಗಿನ ದೋಷ, ಲೈಸೆನ್ಸ್ ಪಡೆದ ಕಂಟ್ರಾಕ್ಟರಿಂದ ಪರೀಕ್ಷೆ ಮತ್ತು ದುರಸ್ತಿ ಕೋರಿ.

ಮಾನ್ಯರೇ,

ಅಡುಗೆಮನೆ ಕಟ್ಟೆ ಮೇಲಿನ ಹಾಗೂ ಮಲಗುವ ಕೋಣೆಯ ಪ್ಲಗ್ ಪಾಯಿಂಟ್‌ಗಳಲ್ಲಿ, ಪ್ಲಗ್ ಹಾಕಿ ಬಿಟ್ಟ ನಂತರವೂ ಒಳಗಿನಿಂದ ಕಿಡಿಯ ಸದ್ದು ಮತ್ತು ಸುಟ್ಟ ವಾಸನೆ ಬರುತ್ತಿದೆ. ಎರಡೂ ಕಡೆ ಎಡಗಡೆ ತೂತಿನ ಸುತ್ತ ಕಂದು ಕಲೆ ಮೂಡಿದೆ. ಫೋಟೋ ಲಗತ್ತಿಸಿದ್ದೇನೆ.

ಈ ವಿಷಯವನ್ನು (ದಿನಾಂಕ) ತಮ್ಮ ಗಮನಕ್ಕೆ ತಂದಾಗ ತಾವು ಅಡುಗೆಮನೆಯ ಸಾಕೆಟ್ ಬದಲಾಯಿಸಿಕೊಟ್ಟಿರಿ, ಅದಕ್ಕೆ ಧನ್ಯವಾದ. ಹೊಸ ಸಾಕೆಟ್‌ನಲ್ಲೂ ಅದೇ ತೊಂದರೆ ಮರುಕಳಿಸಿರುವುದರಿಂದ ಮತ್ತು ಕಡಿಮೆ ಲೋಡಿನ ಕೋಣೆಯಲ್ಲೂ ಕಾಣಿಸಿರುವುದರಿಂದ, ದೋಷ ಹಿಂದಿನ ವೈರಿಂಗ್ ಅಥವಾ ಜಾಯಿಂಟ್‌ನಲ್ಲಿರುವ ಸಾಧ್ಯತೆ ಹೆಚ್ಚು. ಇಂಥ ದೋಷಕ್ಕೆ ಎಂಸಿಬಿ ಬೀಳುವುದಿಲ್ಲ.

ನಾವು ಎರಡೂ ಪಾಯಿಂಟ್‌ಗಳ ಬಳಕೆ ನಿಲ್ಲಿಸಿದ್ದೇವೆ. ಇಂಡಕ್ಷನ್ ಒಲೆಯನ್ನು 6 ಆಂಪ್ಸ್ ಪಾಯಿಂಟ್‌ಗೆ ಇನ್ನು ಹಾಕುವುದಿಲ್ಲ.

ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರಾಕ್ಟರಿಂದ ಈ ಸರ್ಕ್ಯೂಟಿನ ಎಲ್ಲ ಜಾಯಿಂಟ್, ಇನ್ಸುಲೇಷನ್ ಮತ್ತು ಅರ್ತ್ ಪರೀಕ್ಷೆ ಮಾಡಿಸಿ, ಸುಟ್ಟ ವೈರ್ ಬದಲಾಯಿಸಿಕೊಡಬೇಕಾಗಿ ಕೋರುತ್ತೇನೆ. ಲೈಸೆನ್ಸ್ ಸಂಖ್ಯೆ ಇರುವ ಬಿಲ್ಲಿನ ಪ್ರತಿಯನ್ನು ನಮಗೂ ಕೊಡಿಸಿ. ಈ ಪತ್ರ ತಲುಪಿದ ಏಳು ದಿನಗಳೊಳಗೆ ಯಾವ ದಿನ ಅನುಕೂಲ ಎಂದು ತಿಳಿಸಿದರೆ ನಾವು ಮನೆಯಲ್ಲಿರುತ್ತೇವೆ.

ಇಂತಿ, (ಸಹಿ)"

ಸೂಪರ್‌ವೈಸರ್_ತುಮಕೂರು

ಚೆನ್ನಾಗಿದೆ. ಒಂದು ಸಾಲು ಸೇರಿಸಿ: "ಅಡುಗೆಮನೆಗೆ ಮೇನ್ ಬೋರ್ಡಿನಿಂದ 16 ಆಂಪ್ಸ್‌ನ ಪ್ರತ್ಯೇಕ ಪಾಯಿಂಟ್ ಹಾಕುವ ಖರ್ಚಿನ ಅಂದಾಜನ್ನು ಬೇರೆಯಾಗಿ ಪಡೆಯೋಣ." ರಿಪೇರಿ ಬೇರೆ, ಹೊಸ ಸೌಲಭ್ಯ ಬೇರೆ. ಎರಡನ್ನೂ ಒಂದೇ ಬಿಲ್ಲಲ್ಲಿ ಸೇರಿಸಿದರೆ ಅಲ್ಲೇ ಜಗಳ ಶುರು. ಆ ಲೈನಿಗೆ 2.5 ಚದರ ಮಿ.ಮೀ. ವೈರಿಗಿಂತ ಕಮ್ಮಿ ಬೇಡ.

ನಾಗರತ್ನ_ಮೈಸೂರು

ಪತ್ರ ಓದಿದ್ರೆ ಕೋರ್ಟ್ ನೋಟಿಸ್ ಥರ ಇದೆ. ಕೆಳಗೇ ಇರೋ ವಯಸ್ಸಾದವರಿಗೆ ಇದನ್ನ ಅಂಚೆಯಲ್ಲಿ ಕಳಿಸಿದ್ರೆ ಮನಸ್ಸು ಮುರಿಯುತ್ತೆ. ಮುಂದಿನ ಸಲ ಕರಾರು ಮುಂದುವರಿಸಲ್ಲ ಅಂದ್ರೆ? ಮಗು ಕಟ್ಕೊಂಡು ಎಲ್ಲಿ ಮನೆ ಹುಡುಕೋದು?

ಲಾಯರ್_ಲೋಕಿ

ನೋಟಿಸ್ ಥರ ಇರಲೇಬೇಕು. ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ, ಅಕ್ನಾಲೆಡ್ಜ್‌ಮೆಂಟ್ ಇಟ್ಕೊಳ್ಳಿ.

ವಸುಧಾ_ಅಡ್ವೊಕೇಟ್

ರಿಜಿಸ್ಟರ್ ಪೋಸ್ಟನ್ನ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ. ಆದರೆ ಮೊದಲೇ ಅಂಚೆ ಬೇಡ ಅನ್ನೋದು ನನ್ನ ಅಭಿಪ್ರಾಯವೂ ಹೌದು. ನಾಗರತ್ನ ಅವರ ಆತಂಕ ನಿಜ. ಕೈಯಲ್ಲೇ ಕೊಡಿ, ಇನ್ನೊಂದು ಪ್ರತಿಯ ಮೇಲೆ "ತಲುಪಿದೆ" ಅಂತ ಸಹಿ ತಗೊಳ್ಳಿ. ಸಹಿ ಕೇಳೋಕೆ ಮುಜುಗರ ಆದರೆ, ಅವತ್ತೇ ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ "ಅಂಕಲ್, ಇವತ್ತು ಕೊಟ್ಟ ಪತ್ರದ ಪ್ರತಿ" ಅಂತ ಬರೀರಿ. ಅವರು ಉತ್ತರಿಸಿದರೆ ತಲುಪಿದ್ದಕ್ಕೆ ಅದೇ ದಾಖಲೆ. ಏಳು ದಿನ ಕಳೆದರೂ ಏನೂ ಆಗದಿದ್ದರೆ ಆಗ ಸ್ಪೀಡ್ ಪೋಸ್ಟ್.

ಮನೆಮಾಲೀಕ_ಜಯನಗರ

ಮಾಲೀಕನಾಗಿ ಹೇಳ್ತೀನಿ. ಈ ಪತ್ರ ನನಗೆ ಬಂದರೆ ಸಿಟ್ಟು ಬರಲ್ಲ. "ಏನಾದರೂ ಆದರೆ ನೀವೇ ಜವಾಬ್ದಾರಿ" ಅನ್ನೋದು ಓದಿದರೆ ಬರುತ್ತೆ. ಒಲೆಯನ್ನ ಚಿಕ್ಕ ಪಾಯಿಂಟಿಗೆ ಹಾಕಲ್ಲ ಅಂತ ಅವರೇ ಬರೆದಿದ್ದಾರಲ್ಲ, ಅದು ನ್ಯಾಯ. ಆದರೆ ಹೊಸ ಪವರ್ ಪಾಯಿಂಟ್ ಖರ್ಚನ್ನ ನಾನಂತೂ ಕೊಡಲ್ಲ. ಅರ್ಧ ಕೊಡ್ತೀನಿ ಬೇಕಾದರೆ.

ಸುಮಾ_ಮಹಡಿಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಸುಧಾ ಮೇಡಂ ಕರಡನ್ನ ನೀಟಾಗಿ ಬರೆದು, ಸೂಪರ್‌ವೈಸರ್ ಸರ್ ಹೇಳಿದ ಸಾಲು ಸೇರಿಸಿ, ಕೈಯಲ್ಲೇ ಕೊಟ್ಟೆ. ಅಂಕಲ್ ಕನ್ನಡಕ ಹಾಕಿ ಪೂರ್ತಿ ಓದಿದ್ರು. ಎಂಸಿಬಿ ಬೀಳಲ್ಲ ಅನ್ನೋ ಸಾಲನ್ನ ಎರಡು ಸಲ ಓದಿ "ಇದು ನಿಜವಾ?" ಅಂತ ಕೇಳಿದ್ರು. ಕೆಳಗಡೆ ಮನೆಯ ವೈರಿಂಗೂ ಅದೇ ಕಾಲದ್ದು, ಅವರಿಗೂ ಭಯ ಆಯ್ತು ಅನ್ಸುತ್ತೆ. ಕಂಟ್ರಾಕ್ಟರನ್ನ ಕರೆಸ್ತೀನಿ ಅಂದಿದ್ದಾರೆ. ರಿಪೇರಿ ಖರ್ಚು ಅವರದೇ. 16 ಆಂಪ್ಸ್ ಪಾಯಿಂಟ್ ಮತ್ತೆ ಆರ್‌ಸಿಸಿಬಿ ನೀವು ಹಾಕಿಸ್ಕೊಳ್ಳಿ ಅಂತಾರೆ. ಆರ್‌ಸಿಸಿಬಿ ಮನೆಗೆ ಸೇರಿದ್ದು ಅಲ್ವಾ, ನಾವು ಖಾಲಿ ಮಾಡುವಾಗ ಕಿತ್ಕೊಂಡು ಹೋಗೋಕಾಗುತ್ತಾ?

ಲಾಯರ್_ಲೋಕಿ

ಅದು ಸುರಕ್ಷತೆ, ಓನರೇ ಕೊಡಬೇಕು.

ಮನೆಮಾಲೀಕ_ಜಯನಗರ

ಅದು ಹೊಸ ಸೌಲಭ್ಯ, ಕೇಳಿದವರು ಕೊಡಬೇಕು.

ವಸುಧಾ_ಅಡ್ವೊಕೇಟ್

ಕರಾರಿನಲ್ಲಿ ಇಲ್ಲದಿದ್ದರೆ ಮಾತಾಡಿಕೊಂಡು ಬಗೆಹರಿಸೋದೇ ದಾರಿ. ನೀವು ಹಾಕಿಸೋದಾದರೆ "ಮನೆ ಬಿಡುವಾಗ ಇದರ ಖರ್ಚನ್ನು ಅಡ್ವಾನ್ಸ್ ಜೊತೆ ವಾಪಸ್ ಕೊಡುವುದು" ಅಂತ ವಾಟ್ಸಾಪಲ್ಲಾದರೂ ಒಪ್ಪಿಗೆ ಬರೆಸಿಕೊಳ್ಳಿ. @ಹುಬ್ಬಳ್ಳಿ_ಹುಡುಗ, ನೀವೂ ಈಗಲೇ ಕೇಳಿ ನೋಡಿ, ಮನೆ ಬಿಡೋ ದಿನ ಕೇಳೋದಕ್ಕಿಂತ ಮೇಲು.

ಹುಬ್ಬಳ್ಳಿ_ಹುಡುಗ

ಆತ್ರಿ ಅಕ್ಕಾರ, ಕೇಳ್ತೀನಿ.

ಸೂಪರ್‌ವೈಸರ್_ತುಮಕೂರು

ಸುಮಾ ಅವರೇ, ಕಂಟ್ರಾಕ್ಟರ್ ಬಂದ ದಿನ ಎರಡು ವಿಷಯ. ಬಿಚ್ಚಿದ ಹಳೇ ಸಾಕೆಟ್ ಮತ್ತು ಸುಟ್ಟ ವೈರ್ ತುಂಡನ್ನ ಎಸೆಯೋಕೆ ಬಿಡಬೇಡಿ, ಅಂಕಲ್‌ಗೆ ತೋರಿಸಿ, ಫೋಟೋ ತೆಗೆದಿಡಿ. ಆಮೇಲೆ ಹಳೇ ಮನೆಗೆ ಆರ್‌ಸಿಸಿಬಿ ಹಾಕಿದ ಕೂಡಲೇ ಅದು ಪದೇ ಪದೇ ಬೀಳಬಹುದು. ಎಲ್ಲೋ ನ್ಯೂಟ್ರಲ್ಲನ್ನೂ ಅರ್ತನ್ನೂ ಸೇರಿಸಿರ್ತಾರೆ, ಅಥವಾ ಗೀಸರಲ್ಲಿ ಸೋರಿಕೆ ಇರುತ್ತೆ. ಆಗ "ಇದು ಸರಿ ಇಲ್ಲ" ಅಂತ ಬೈಪಾಸ್ ಮಾಡಿ ಹೋಗೋಕೆ ಬಿಡಬೇಡಿ. ಎಲ್ಲಿಂದ ಸೋರ್ತಿದೆ ಅಂತ ಹುಡುಕಿಸಿ. ನಿಮ್ಮ ಗೀಸರ್ ಯಾವ ಪಾಯಿಂಟಲ್ಲಿದೆ?

ಸುಮಾ_ಮಹಡಿಮನೆ

ಬಾತ್‌ರೂಮಲ್ಲಿ ದೊಡ್ಡ ಪಾಯಿಂಟೇ ಇದೆ ಸರ್. ಆದರೆ ಮುಟ್ಟಿದಾಗ ನಲ್ಲಿ ಒಂದೊಂದು ಸಲ ಜುಮ್ ಅನ್ನುತ್ತೆ.

ಸೂಪರ್‌ವೈಸರ್_ತುಮಕೂರು

ಗೀಸರ್ ಸ್ವಿಚ್ ಈಗಲೇ ಆಫ್ ಮಾಡಿ, ಪ್ಲಗ್ಗೂ ತೆಗೀರಿ. ಕಂಟ್ರಾಕ್ಟರ್ ಬರೋ ತನಕ ನೀರನ್ನ ಗ್ಯಾಸಲ್ಲಿ ಕಾಯಿಸಿ. ಇದನ್ನ ಇವತ್ತೇ ಅಂಕಲ್‌ಗೆ ವಾಟ್ಸಾಪ್ ಮಾಡಿ: ನಲ್ಲಿಯಲ್ಲಿ ಶಾಕ್ ಬರ್ತಿದೆ, ಅರ್ತ್ ಮತ್ತು ಗೀಸರ್ ಪರೀಕ್ಷೆ ಮೊದಲು ಆಗಬೇಕು, ಏಳು ದಿನ ಕಾಯೋಕಾಗಲ್ಲ ಅಂತ. ಕೆಳಗಡೆ ಅವರ ನಲ್ಲಿಯಲ್ಲೂ ಹಾಗೆ ಆಗುತ್ತಾ ಅಂತ ಕೇಳಿ ಇಲ್ಲಿ ಹೇಳಿ.